38 ಗ್ರಾಂ ಕೊಟ್ಟೆ, 28 ಗ್ರಾಂ ಬಂತು: ಒಂದು ನೆಕ್ಲೇಸಿನ ದೂರು

ಇವರಿಗೆ,
ಗ್ರಾಹಕ ದೂರು ವಿಭಾಗದ ಮುಖ್ಯಸ್ಥರು

ವಿಷಯ: ಹರಳಿನ ತೂಕಕ್ಕೂ ಚಿನ್ನದ ದರ ಹಾಕಿದ್ದು, ವಾಪಸ್ ಕೊಳ್ಳುವಾಗ ಕಾರಣವಿಲ್ಲದೆ ಕಡಿತ ಮಾಡಿದ್ದು

ಮಾನ್ಯರೇ,

ಮೂರು ವರ್ಷದ ಹಿಂದೆ ನಿಮ್ಮ ಅಂಗಡಿಯಲ್ಲಿ ಹರಳು ಕೂರಿಸಿದ ಒಂದು ನೆಕ್ಲೇಸ್ ಕೊಂಡೆ. ಆವತ್ತು ನಾನು ಸ್ವಲ್ಪ ಹಿಂದೆಮುಂದೆ ನೋಡುತ್ತಿದ್ದೆ. ಅದಕ್ಕೆ ನಿಮ್ಮ ಸೇಲ್ಸ್‌ನವರು, "ಮೇಡಂ, ಇದು ಖರ್ಚು ಅಂದ್ಕೋಬೇಡಿ, ಬ್ಯಾಂಕಲ್ಲಿ ಇಟ್ಟ ಹಾಗೆ" ಎಂದರು. ಕಳೆದ ವಾರ ದುಡ್ಡಿನ ಅಗತ್ಯ ಬಂತು. ಆ "ಬ್ಯಾಂಕ್" ತೆರೆಯಲು ಬಂದೆ. ನೀವು ಬರೆದುಕೊಟ್ಟ ಲೆಕ್ಕದ ಚೀಟಿ ನೋಡಿ ನೆಕ್ಲೇಸ್ ಮಾರದೆ ಮನೆಗೆ ತಂದೆ. ಈ ಪತ್ರ ಅದರ ಬಗ್ಗೆ.

ಹಣದಲ್ಲಿ ಹೇಳಿದರೆ ಈ ಲೆಕ್ಕ ಅರ್ಥವಾಗುವುದಿಲ್ಲ, ಯಾಕೆಂದರೆ ನಡುವೆ ಚಿನ್ನದ ದರ ಬದಲಾಗಿದೆ. ಹಾಗಾಗಿ ಎಲ್ಲವನ್ನೂ 22 ಕ್ಯಾರೆಟ್ ಚಿನ್ನದ ಗ್ರಾಂನಲ್ಲೇ ಬರೆಯುತ್ತೇನೆ. ಬಿಲ್ಲಿನಲ್ಲಿ ತೂಕ 32 ಗ್ರಾಂ. ಅದರ ಮೇಲೆ ಮಜೂರಿ ಮತ್ತು ವೇಸ್ಟೇಜ್ ಸೇರಿ ಶೇಕಡಾ 16, ಅಂದರೆ 5.12 ಗ್ರಾಂನಷ್ಟು ದುಡ್ಡು. ಅದರ ಮೇಲೆ ಶೇಕಡಾ 3 ತೆರಿಗೆ. ಒಟ್ಟಿನಲ್ಲಿ ನಾನು ಆವತ್ತು ಕೊಟ್ಟಿದ್ದು 38.23 ಗ್ರಾಂ ಚಿನ್ನದ ಬೆಲೆ. ಈಗ ನೀವು ಲೆಕ್ಕ ಹಾಕಿಕೊಟ್ಟಿದ್ದು 28.37 ಗ್ರಾಂಗೆ. ಹತ್ತಿರ ಹತ್ತಿರ 10 ಗ್ರಾಂ ವ್ಯತ್ಯಾಸ. ಕೊಟ್ಟಿದ್ದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ.

ಇದರಲ್ಲಿ ಮಜೂರಿಯ ಬಗ್ಗೆ ನನ್ನ ತಕರಾರಿಲ್ಲ. ಕುಸುರಿ ಕೆಲಸ ಮಾಡಿದವರ ಕೈಗೆ ಕೂಲಿ ಬೇಕು. ಹನ್ನೊಂದು ಸಲ ಹಾಕಿಕೊಂಡಿದ್ದೇನೆ, ಕನ್ನಡಿ ಮುಂದೆ ಖುಷಿಪಟ್ಟಿದ್ದೇನೆ. ಆ ಖುಷಿಯ ಖರ್ಚು ನನ್ನದೇ. ನನ್ನ ತಕರಾರು ಉಳಿದ ಮೂರು ಕಡೆ.

ಮೊದಲನೆಯದು ಹರಳು. ನೆಕ್ಲೇಸಿಗೆ ಕಟ್ಟಿದ್ದ ಸಣ್ಣ ಚೀಟಿಯನ್ನು ನಾನು ಬಿಸಾಕಿರಲಿಲ್ಲ. ಅದರಲ್ಲಿ ಎರಡು ತೂಕ ಇದೆ: ಒಟ್ಟು ತೂಕ 32.000, ನಿವ್ವಳ ತೂಕ 29.600. ಅಂದರೆ 2.4 ಗ್ರಾಂ ಹರಳು ಮತ್ತು ಹರಳಿನ ಕೆಳಗಿನ ಅರಗು. ಬಿಲ್ಲಿನಲ್ಲಿ ಮಾತ್ರ 32 ಗ್ರಾಂ ಚಿನ್ನ ಎಂದೇ ಬರೆದಿದ್ದೀರಿ. ಅರಗಿಗೂ ಬಣ್ಣದ ಕಲ್ಲಿಗೂ ಚಿನ್ನದ ದರ, ಅದರ ಮೇಲೆ ಮಜೂರಿ, ಅದರ ಮೇಲೆ ತೆರಿಗೆ. ಕೂಡಿಸಿದರೆ 2.87 ಗ್ರಾಂ ಚಿನ್ನದ ಬೆಲೆ. ವಾಪಸ್ ತಂದಾಗ ನಿಮ್ಮ ಸಿಬ್ಬಂದಿ ಮಾಡಿದ ಮೊದಲ ಕೆಲಸವೇ ಈ 2.4 ಗ್ರಾಂ ಕಳೆದದ್ದು. ಕೊಡುವಾಗ ಚಿನ್ನವಾಗಿದ್ದ ಕಲ್ಲು ತಗೊಳ್ಳುವಾಗ ಕಲ್ಲೇ ಆಯಿತು, ಅಲ್ವಾ?

ಎರಡನೆಯದು ಶುದ್ಧತೆ. 22 ಕ್ಯಾರೆಟ್ ಎಂದರೆ 24 ಭಾಗದಲ್ಲಿ 22 ಭಾಗ ಚಿನ್ನ, ಸಾವಿರಕ್ಕೆ 916. ಬಿಲ್ಲಿನಲ್ಲೂ ಹಾಗೇ ಇದೆ, ಕೊಂಡಿಯ ಮೇಲೆ 916 ಮುದ್ರೆಯೂ ಇದೆ. ಶುದ್ಧತೆ ನೋಡುವ ನಿಮ್ಮ ಮೆಷಿನ್ ಶೇಕಡಾ 89.6, ಅಂದರೆ ಸಾವಿರಕ್ಕೆ 896 ತೋರಿಸಿತು. ಆ ಲೆಕ್ಕದಲ್ಲಿ 29.6 ಗ್ರಾಂ ಇದ್ದದ್ದು 28.95 ಆಯಿತು. ಆದರೆ ಮೆಷಿನ್ ಇಟ್ಟದ್ದು ಎಲ್ಲಿ? ಕೊಂಡಿಯ ಪಕ್ಕದಲ್ಲಿ, ಬೆಸುಗೆ ಇರುವ ಜಾಗದಲ್ಲಿ. ಬೆಸುಗೆಯ ಲೋಹ ಒಡವೆಗಿಂತ ಬೇಗ ಕರಗಬೇಕು, ಇಲ್ಲದಿದ್ದರೆ ಒಡವೆಯೇ ಕರಗಿಹೋಗುತ್ತದೆ. ಅದಕ್ಕಾಗಿ ಅದಕ್ಕೆ ಬೇರೆ ಲೋಹ ಸೇರಿಸುತ್ತಾರೆ. ಅಲ್ಲಿ ಶುದ್ಧತೆ ಕಡಿಮೆ ಬರುವುದು ಸಹಜ. ಮೇಲಾಗಿ ಎಕ್ಸ್‌ರೇ ಮೆಷಿನ್ ನೋಡುವುದು ಮೇಲ್ಮೈಯ ತೆಳು ಪದರ ಮಾತ್ರ. ಒಂದೇ ಜಾಗದ ಒಂದೇ ರೀಡಿಂಗ್‌ನಿಂದ ಇಡೀ ನೆಕ್ಲೇಸಿನ ಶುದ್ಧತೆ ಹೇಳಲು ಬರುವುದಿಲ್ಲ. ಇನ್ನೊಂದು ಕಡೆ ಇಟ್ಟು ನೋಡಿ ಎಂದು ಕೇಳಿದೆ. "ಒಂದು ಸಲ ಸಾಕು" ಎಂದರು. ಇಲ್ಲಿ ಎರಡೇ ಸಾಧ್ಯತೆ. ಮೆಷಿನ್‌ನ ರೀಡಿಂಗ್ ತಪ್ಪಾಗಿದ್ದರೆ ಕಡಿತ ತಪ್ಪು. ರೀಡಿಂಗ್ ಸರಿಯಿದ್ದರೆ ಮೂರು ವರ್ಷದ ಹಿಂದೆ ನೀವು 916 ಎಂದು ಮಾರಿದ್ದೇ ತಪ್ಪು. ಎರಡರಲ್ಲಿ ಯಾವುದಾದರೂ ನಷ್ಟ ನನ್ನ ತಲೆಗೆ ಯಾಕೆ?

ಮೂರನೆಯದು "ಕರಗಿಸುವ ನಷ್ಟ" ಎಂದು ಶೇಕಡಾ 2 ಕಡಿತ. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಬಿಸಿಗೆ ಅದು ಆವಿಯಾಗಿ ಹೋಗುವುದಿಲ್ಲ. ಕರಗಿಸಿದಾಗ ತೂಕ ಇಳಿಯುವುದು ಮುಖ್ಯವಾಗಿ ಕೊಳೆ, ಎಣ್ಣೆ, ಅರಗು ಸುಟ್ಟುಹೋಗುವುದರಿಂದ. ಅರಗು ಮತ್ತು ಹರಳನ್ನು ಆಗಲೇ ಕಳೆದಿದ್ದೀರಿ. ಅದೇ ಅರಗಿಗೆ ಎರಡನೇ ಸಲ ಕತ್ತರಿ ಹಾಕಿದ ಹಾಗಾಯಿತು. ನಿಜವಾಗಿಯೂ ನಷ್ಟ ಇದೆ ಎನ್ನುವುದಾದರೆ ನನ್ನೆದುರೇ ಕರಗಿಸಿ, ಮೊದಲು ಮತ್ತು ಆಮೇಲೆ ತೂಗಿ ತೋರಿಸಿ.

ಇದನ್ನೆಲ್ಲ ಕೇಳಿದಾಗ ನಿಮ್ಮ ಮ್ಯಾನೇಜರ್ ನಗುತ್ತಾ, "ರೇಟ್ ಏರಿದೆಯಲ್ಲ ಮೇಡಂ, ನಿಮಗೆ ಲಾಭವೇ ಆಗಿದೆ" ಎಂದರು. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಈ ಮಾತಿಗೆ. ದರ ಏರಿದ್ದು ನಿಮ್ಮಿಂದಲ್ಲ. 38.23 ಕೊಟ್ಟು 28.37 ಪಡೆದರೆ, ಹಾಕಿದ ದುಡ್ಡು ಮರಳಿ ಬರುವುದಕ್ಕೇ ದರ ಶೇಕಡಾ 35ರಷ್ಟು ಏರಬೇಕು. ಕಾಲು ಭಾಗ ಹೋದರೆ ಕಾಲು ಭಾಗ ಏರಿದರೆ ಸಾಲದು, ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರಬೇಕು. ಅದುವರೆಗಿನ ಏರಿಕೆಯೆಲ್ಲ ನಿಮ್ಮ ಕಡಿತ ತುಂಬುವುದಕ್ಕೇ ಹೋಗುತ್ತದೆ. ಅದೇ ದುಡ್ಡಿಗೆ ಆವತ್ತು ಚಿನ್ನದ ನಾಣ್ಯ ಕೊಂಡಿದ್ದರೆ? ಅಲ್ಲೂ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ಇರುತ್ತದೆ. ಆದರೆ ಹರಳಿಲ್ಲ, ಬೆಸುಗೆಯಿಲ್ಲ, ಮಜೂರಿಯೂ ತೀರಾ ಕಡಿಮೆ. ಏರಿಕೆಯ ಬಹುಪಾಲು ನನ್ನ ಕೈಗೇ ಬರುತ್ತಿತ್ತು.

ನ್ಯಾಯವಾಗಿ ಹೇಳಬೇಕೆಂದರೆ, ನೀವು ಎಲ್ಲವನ್ನೂ ಸರಿಯಾಗಿ ಮಾಡಿದ್ದರೂ ಈ ನೆಕ್ಲೇಸ್ ಉಳಿತಾಯವಾಗುತ್ತಿರಲಿಲ್ಲ. ನಿವ್ವಳ 29.6 ಗ್ರಾಂಗೆ ಮಜೂರಿ, ತೆರಿಗೆ ಸೇರಿಸಿದರೆ 35.37 ಗ್ರಾಂ. ಅದರಲ್ಲಿ ಹೆಚ್ಚುಕಡಿಮೆ ಆರನೇ ಒಂದು ಪಾಲು ಅಂಗಡಿಯ ಬಾಗಿಲು ದಾಟುವಾಗಲೇ ಖರ್ಚಾಗಿ ಹೋಗಿತ್ತು. ಅದನ್ನು ಆವತ್ತೇ ಹೇಳಿದ್ದರೆ ಬಹುಶಃ ಹಗುರವಾದ ಒಂದು ಸರ ಕೊಂಡು, ಉಳಿದ ದುಡ್ಡನ್ನು ಬೇರೆ ಕಡೆ ಇಡುತ್ತಿದ್ದೆ. ಕೇಳದೆ ಇದ್ದದ್ದು ನನ್ನ ತಪ್ಪು, ಒಪ್ಪುತ್ತೇನೆ. ಬ್ಯಾಂಕ್ ಎಂದು ಹೇಳಿದ್ದು ನಿಮ್ಮದು.

ಈಗ ನಾನು ಕೇಳುವುದು ಇಷ್ಟು. ಹರಳಿನ ತೂಕಕ್ಕೆ ಹಾಕಿದ 2.87 ಗ್ರಾಂನ ಬೆಲೆಯನ್ನು ಬಿಲ್ಲಿನ ದಿನದ ದರದಲ್ಲಾದರೂ ವಾಪಸ್ ಕೊಡಿ. ಬೆಸುಗೆ ಇಲ್ಲದ ಮೂರು ಜಾಗದಲ್ಲಿ ಮತ್ತೆ ಪರೀಕ್ಷೆ ಮಾಡಿಸಿ. ಆಗಲೂ ಕಡಿಮೆ ಬಂದರೆ ನಿಮ್ಮದಲ್ಲದ ಪರೀಕ್ಷಾ ಕೇಂದ್ರದಲ್ಲಿ ಚೂರು ಕತ್ತರಿಸಿ ಬೆಂಕಿಯಲ್ಲಿ ಶೋಧಿಸುವ ಪರೀಕ್ಷೆಯೇ ಆಗಲಿ. 916 ಬಾರದಿದ್ದರೆ ಅದರ ವೆಚ್ಚ ಮತ್ತು ಶುದ್ಧತೆಯ ವ್ಯತ್ಯಾಸ ಎರಡೂ ನಿಮ್ಮದು, ಬಂದರೆ ಪರೀಕ್ಷೆಯ ವೆಚ್ಚ ನಾನು ಕೊಡುತ್ತೇನೆ. ಶೇಕಡಾ 2ರ ಕಡಿತವನ್ನು ತೆಗೆದು ಹೊಸ ಚೀಟಿ ಬರೆದುಕೊಡಿ.

ಬಿಲ್, ತೂಕದ ಚೀಟಿ, ಕಳೆದ ವಾರದ ಲೆಕ್ಕದ ಚೀಟಿ ಮೂರರ ನಕಲನ್ನೂ ಜೊತೆಗಿಟ್ಟಿದ್ದೇನೆ. ಮೂಲ ಪ್ರತಿಗಳು ನನ್ನ ಬಳಿಯೇ ಇವೆ. ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಫೋನ್ ಮಾಡಿ "ಬನ್ನಿ ಮೇಡಂ, ಕೂತು ಮಾತಾಡೋಣ" ಎಂದರೆ ಬರುವುದಿಲ್ಲ. ಉತ್ತರ ಬಾರದಿದ್ದರೆ ಇದೇ ಕಾಗದಗಳನ್ನು ಹಿಡಿದು ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ