ಆನೆಯ ಸಾಲಿನಿಂದ ಹಂಸದ ಸಾಲಿನವರೆಗೆ ಒಂದು ವಂದನಾರ್ಪಣೆ

ನಮ್ಮ ಸಂಘದ ಸಮಾರಂಭಗಳಲ್ಲಿ ವಂದನಾರ್ಪಣೆಗೆ ಮೈಕು ಕೈಗೆತ್ತಿಕೊಳ್ಳುವ ಹೊತ್ತಿಗೆ ಅರ್ಧ ಸಭೆ ಊಟದ ಸಾಲಿನಲ್ಲಿರುತ್ತದೆ. ಉಳಿದವರು ಪ್ರಾಯೋಜಕರ ಪಟ್ಟಿ ಮುಗಿದು, "ಪ್ರತ್ಯಕ್ಷವಾಗಿ ಮತ್ತು ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ" ಎಂಬ ಸಾಲು ಬರುವುದನ್ನೇ ಕಾಯುತ್ತಿರುತ್ತಾರೆ. ಈ ಬಾರಿ ಊರಿಗೆ ಹೋಗಿದ್ದಾಗ ಹಾಸನದ ಒಂದು ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಗಳ ಸಂಯುಕ್ತ ಕಲಾಪ್ರದರ್ಶನದ ಸಮಾರೋಪಕ್ಕೆ ಹೋಗಿದ್ದೆ. ಅಲ್ಲಿನ ಚಿತ್ರಕಲಾ ಶಿಕ್ಷಕಿ ಮಾಡಿದ ವಂದನಾರ್ಪಣೆಗೆ ಯಾರೂ ಎದ್ದು ಹೋಗಲಿಲ್ಲ.

ಸಭಾಂಗಣದ ಗೋಡೆಯ ಮೇಲಿದ್ದದ್ದು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಭಿತ್ತಿಯ ಎಂಟು ಪಟ್ಟಿಕೆಗಳನ್ನು ಆಧರಿಸಿದ ಒಂದೇ ದೊಡ್ಡ ಕೃತಿ. ಕೆಳಗಿನಿಂದ ಮೇಲಕ್ಕೆ ಆನೆ, ಸಿಂಹ, ಲತೆ, ಕುದುರೆ ಸವಾರರು, ಮತ್ತೆ ಲತೆ, ಪುರಾಣಕಥೆ, ಮಕರ, ಹಂಸ. ಹದಿನಾರು ಡ್ರಾಯಿಂಗ್ ಶೀಟುಗಳನ್ನು ನಾಲ್ಕು ನಾಲ್ಕಾಗಿ ಕತ್ತರಿಸಿ, ಒಂದೊಂದು ಸಾಲಿಗೆ ಎಂಟರಂತೆ ಅರವತ್ತನಾಲ್ಕು ಹಾಳೆಗಳನ್ನು ಅರವತ್ತನಾಲ್ಕು ಮಕ್ಕಳಿಗೆ ಹಂಚಲಾಗಿತ್ತು. ಕುದುರೆಗಳಿಗೆ ಇದ್ದಿಲು, ಲತೆಗೆ ಅಚ್ಚು, ಆನೆಗಳಿಗೆ ಕಾಗದದ ತಿರುಳಿನ ಉಬ್ಬುಕೆಲಸ, ಹೀಗೆ ಸಾಲಿಗೊಂದು ಮಾಧ್ಯಮ.

ಅತಿಥಿಗಳಿಗೂ ಆಡಳಿತ ಮಂಡಳಿಗೂ ಎರಡೇ ವಾಕ್ಯಗಳಲ್ಲಿ ವಂದಿಸಿದ ಶಿಕ್ಷಕಿ, ಗೋಡೆಯ ಕಡೆ ತಿರುಗಿ ಆನೆಯ ಸಾಲಿನಿಂದ ಆರಂಭಿಸಿದರು. ಮೊದಲ ವಂದನೆ ಸಲ್ಲಿದ್ದು ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಕೊಟ್ಟ ದಿನಸಿ ಅಂಗಡಿಯವರಿಗೆ. ಒದ್ದೆ ತಿರುಳನ್ನು ನೇರವಾಗಿ ಹಾಳೆಯ ಮೇಲೆ ಇಟ್ಟಾಗ, ಒಣಗುತ್ತಾ ಅದು ಕುಗ್ಗಿ ಹಾಳೆಯನ್ನೂ ಎಳೆದುಕೊಂಡು ದೋಣಿಯಂತೆ ಬಾಗಿಸಿತಂತೆ. ರಟ್ಟಿಗೆ ಅಂಟಿಸಿದ ಹಾಳೆಯ ಮೇಲೆ ತಿರುಳನ್ನು ತೆಳುವಾಗಿ, ಒಂದು ಪದರ ಒಣಗಿದ ಮೇಲೆ ಇನ್ನೊಂದರಂತೆ ಹಚ್ಚಿದ ನಂತರವೇ ಆನೆಗಳು ನಿಂತವು.

ಲತೆಯ ಸಾಲಿಗೆ ಬಂದಾಗ ಅವರು ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯನ್ನು ಎದ್ದು ನಿಲ್ಲುವಂತೆ ಹೇಳಿದರು. ಇಂಥ ಸಂಯುಕ್ತ ಕೃತಿಯಲ್ಲಿ ಚಿತ್ರ ಕೆಡುವುದು ಹಾಳೆಯ ನಡುವೆ ಅಲ್ಲ, ಅಂಚಿನಲ್ಲಿ. ಒಬ್ಬರ ಬಳ್ಳಿ ಮೇಲೆ ಮುಗಿದು, ಪಕ್ಕದವರದು ಕೆಳಗೆ ಶುರುವಾದರೆ ಸಾಲೇ ತುಂಡಾಗುತ್ತದೆ. ಪ್ರತಿ ಹಾಳೆಯ ಎಡ ಬಲ ಅಂಚುಗಳಲ್ಲಿ ಬುಡದಿಂದ ಒಂದೇ ಎತ್ತರಕ್ಕೆ ಒಂದೊಂದು ಗುರುತು ಹಾಕಿ, "ಬಳ್ಳಿ ಇಲ್ಲಿ ಒಳಗೆ ಬರಲಿ, ಅಲ್ಲಿ ಹೊರಗೆ ಹೋಗಲಿ, ನಡುವೆ ನಿಮ್ಮಿಷ್ಟ" ಎಂದು ಸೂಚಿಸಿದವಳು ಆ ಹುಡುಗಿ. ಎರಡು ಗುರುತುಗಳ ಕಟ್ಟಳೆಯೊಳಗೆ ಹದಿನಾರು ಬಳ್ಳಿಗಳು ಹದಿನಾರು ರೀತಿ ಸುತ್ತಿಕೊಂಡಿದ್ದರೂ ಎಲ್ಲೂ ಕಡಿದಿರಲಿಲ್ಲ.

ಮಕರದ ಸಾಲಿನಲ್ಲಿ ಎರಡು ಹಾಳೆಗಳ ಹಿನ್ನೆಲೆ ತುಸು ಕಪ್ಪಾಗಿತ್ತು. ಅದನ್ನೂ ಅವರು ಮುಚ್ಚಿಡಲಿಲ್ಲ. ಬಳಪದ ಕಲ್ಲಿನ ಬೂದು ಬಣ್ಣವನ್ನು ಎಲ್ಲರಿಗೂ ಸಾಲುವಂತೆ ಒಂದೇ ಬಕೆಟ್ಟಿನಲ್ಲಿ ಕಲಸಿದ್ದರೂ ಕೊನೆಗೆ ಕಡಿಮೆ ಬಿತ್ತು. ಪೋಸ್ಟರ್ ಬಣ್ಣ ಒದ್ದೆಯಿದ್ದಾಗ ಒಂದು ಥರ, ಒಣಗಿದ ಮೇಲೆ ಇನ್ನೊಂದು ಥರ ಕಾಣುವುದರಿಂದ, ಎರಡನೆಯ ಬಾರಿ ಕಲಸುವಾಗ ಚೂರು ಕಾಗದಕ್ಕೆ ಹಚ್ಚಿ, ಒಣಗಿಸಿ, ಹೋಲಿಸಿ ನೋಡಬೇಕಿತ್ತು. ಸಮಯವಿರಲಿಲ್ಲ. ಆ ಎರಡು ಹಾಳೆಗಳ ಮಕ್ಕಳು ಬೇಸರಿಸದೆ ಒಪ್ಪಿಕೊಂಡದ್ದಕ್ಕೆ ಅವರಿಗೊಂದು ವಂದನೆ.

ನನ್ನ ಮಟ್ಟಿಗೆ ಇಡೀ ಭಾಷಣದ ತೂಕವಿದ್ದದ್ದು ಬಿಸಿಯೂಟದ ಅಡುಗೆಯವರಿಗೆ ಸಂದ ವಂದನೆಯಲ್ಲಿ. ಹಾಳೆಗಳನ್ನು ಜೋಡಿಸಿದ್ದು ಮೈದಾ ಅಂಟಿನಿಂದ. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಕುದಿಯುವ ನೀರಿಗೆ ಹುಯ್ದು, ಬಿಳುಪು ಹೋಗಿ ಗಾಜಿನಂತಾಗುವವರೆಗೆ ಕೈಬಿಡದೆ ತಿರುವಿದವರು ಅವರು. ಜಿರಳೆ, ಹುಳು ತಿನ್ನದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸುವುದು ನಮ್ಮ ಕಡೆಯ ಹಳೆಯ ಪದ್ಧತಿ. ಕಾಫಿ ತೋಟದ ಮನೆಗಳಲ್ಲಿ ಬೋರ್ಡೋ ದ್ರಾವಣಕ್ಕೆಂದು ಅದು ಸಿಕ್ಕೇ ಸಿಗುತ್ತದೆ. ಆದರೆ ಅದು ವಿಷ. "ಅಂಟು ಕಾಸಿಕೊಡ್ತೀನಿ ಟೀಚರ್, ತುತ್ತ ಮಾತ್ರ ನನ್ನ ಪಾತ್ರೆಗೆ ಬೀಳಬಾರದು" ಎಂದು ಆಕೆ ಖಂಡಿತವಾಗಿ ಹೇಳಿ, ಅಂಟನ್ನು ಹಳೆಯ ಬಣ್ಣದ ಡಬ್ಬಿಗೆ ಬಗ್ಗಿಸಿಕೊಟ್ಟರಂತೆ. ಅದನ್ನು ಶಿಕ್ಷಕಿ ಅದೇ ಮಾತಿನಲ್ಲಿ ಹೇಳಿದಾಗ, ಬಾಗಿಲ ಬಳಿ ಸೆರಗು ಬಾಯಿಗೆ ಹಿಡಿದು ನಿಂತಿದ್ದ ಆಕೆ ನಕ್ಕುಬಿಟ್ಟರು.

ಪ್ರತಿ ಹಾಳೆಯ ಕೆಳ ಅಂಚಿನಲ್ಲಿ ಮಾಡಿದವರ ಹೆಸರಿತ್ತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿಕೊಂಡದ್ದನ್ನು ಮಕ್ಕಳಿಗೆ ತೋರಿಸಿದ ಮೇಲೆ, ಹೆಸರು ಬರೆಯಬೇಕೆಂದು ಹಟ ಹಿಡಿದವರು ಮಕ್ಕಳೇ ಎಂದು ಅವರು ಹೇಳಿದರು. ಗೋಡೆಗೆ ಏರದೆ ಉಳಿದ ಬದಲಿ ಹಾಳೆಗಳನ್ನು ಮಾಡಿಟ್ಟಿದ್ದವರ ಹೆಸರುಗಳನ್ನು ಅವರೇ ಓದಿದರು.

ಮುಂದಿನ ರಾಜ್ಯೋತ್ಸವದಲ್ಲಿ ನಮ್ಮ ಮಕ್ಕಳ ಚಿತ್ರಪ್ರದರ್ಶನವೂ ಇದೆ. ಫಲಕ ಹೊತ್ತವರು, ದಾರ ಕಟ್ಟಿದವರು, ಕೊನೆಗೆ ಕಸ ಗುಡಿಸಿದವರು, ಯಾರು ಏನು ಮಾಡಿದರೆಂಬುದನ್ನು ಆಯಾ ತಂಡದವರು ಎರಡೆರಡು ಸಾಲಿನಲ್ಲಿ ಬರೆದು ಹಿಂದಿನ ಸಂಜೆಯೊಳಗೆ ಕಾರ್ಯದರ್ಶಿಯವರಿಗೆ ತಲುಪಿಸಬೇಕೆಂದು ಕೋರುತ್ತೇನೆ. ಊಟವನ್ನು ವಂದನಾರ್ಪಣೆಯ ನಂತರವೇ ಬಡಿಸಲಾಗುವುದು.