ಒಡಿ ಕೊಡುವಾಗ ಪ್ರಯಾಣವೂ ಲೆಕ್ಕಕ್ಕಿರಲಿ

ಮಾನ್ಯ ಸಂಪಾದಕರೇ,

ಪೇಪರ್ ಪ್ರೆಸೆಂಟ್ ಮಾಡಿ ಬನ್ನಿ ಎಂದು ಇಂಜಿನಿಯರಿಂಗ್ ಕಾಲೇಜಿನ ನಾವೇ ವಿದ್ಯಾರ್ಥಿಗಳ ಬೆನ್ನು ಹತ್ತುತ್ತೇವೆ. ಹೋಗಿ ಬಂದ ಮೇಲೆ, ಹೊರಗಿದ್ದ ದಿನವನ್ನೂ ಹಾಜರಿ ಎಂದು ಹಿಡಿಯುವ ಆನ್ ಡ್ಯೂಟಿ, ಅಂದರೆ ಒಡಿಗಾಗಿ ಅವರು ನಮ್ಮ ಬೆನ್ನು ಹತ್ತಬೇಕಾಗುತ್ತದೆ.

ನಾನು ಗೈಡ್ ಆಗಿದ್ದ ವಿದ್ಯಾರ್ಥಿನಿಯ ಪೇಪರ್ ಮೈಸೂರಿನ ಸಮ್ಮೇಳನವೊಂದಕ್ಕೆ ಆಯ್ಕೆಯಾಯಿತು. ಗುರುವಾರ, ಶುಕ್ರವಾರ ಎರಡು ದಿನ. ಹೋಗುವ ಮೊದಲೇ ಆಕೆ ವಿಭಾಗದ ಮುಖ್ಯಸ್ಥರಾದ ಹೆಚ್‌ಒಡಿಗೆ ಅರ್ಜಿ ಕೊಟ್ಟಳು. ಆಯ್ಕೆಯ ಇಮೇಲ್, ಶುಲ್ಕದ ರಸೀದಿ, ನನ್ನ ಸಹಿ ಎಲ್ಲ ಇತ್ತು. ಆಕೆಯ ಸರದಿ ಬಂದಿದ್ದು ಶುಕ್ರವಾರ ಸಂಜೆಯ ಕೊನೆಯ ಸೆಷನ್‌ನಲ್ಲಿ. ಮುಗಿಸಿ ರಾತ್ರಿ ಬಸ್ ಹಿಡಿದು ವಿಜಯಪುರ ಮುಟ್ಟುವಷ್ಟರಲ್ಲಿ ಶನಿವಾರ ಬೆಳಗಿನ ಲ್ಯಾಬ್ ಅರ್ಧ ಆಗಿತ್ತು. ಎರಡು ದಿನಕ್ಕೆ ಒಡಿ ಸಿಕ್ಕಿತು, ಶನಿವಾರಕ್ಕೆ ಇಲ್ಲ. “ಸರ್ಟಿಫಿಕೇಟಿನ್ಯಾಗ ಎರಡ ದಿನ ಐತಿ, ಮೂರನೇದು ಎಲ್ಲಿಂದ ಕೊಡ್ಲಿ?” ಎಂದರು ಹೆಚ್‌ಒಡಿ.

ಒಂದು ಲ್ಯಾಬ್ ಹೋದರೆ ಏನು ಮಹಾ ಅನಿಸಬಹುದು. ಆದರೆ ನಮ್ಮ ವಿಶ್ವವಿದ್ಯಾಲಯವಾದ ವಿಟಿಯುನಲ್ಲಿ ಹಾಜರಿಯನ್ನು ಒಟ್ಟಾರೆ ನೋಡುವುದಿಲ್ಲ, ಪ್ರತಿ ವಿಷಯದಲ್ಲೂ ಶೇ 85 ಬೇಕು. ಲ್ಯಾಬ್ ನಡೆಯುವುದು ವಾರಕ್ಕೊಮ್ಮೆ. ಈಕೆಗೆ ಆ ಸೆಮಿಸ್ಟರ್‌ನಲ್ಲಿ ಇದ್ದದ್ದು 14 ಲ್ಯಾಬ್. ಜ್ವರ ಬಂದು ಎರಡು ತಪ್ಪಿದ್ದವು, ಇದು ಮೂರನೆಯದು. 14ಕ್ಕೆ 11 ಅಂದರೆ ಶೇ 78.6. ಶನಿವಾರವನ್ನು ಹಾಜರಿ ಅಂತ ಹಿಡಿದಿದ್ದರೆ 14ಕ್ಕೆ 12, ಶೇ 85.7. ಪಾರಾಗುತ್ತಿದ್ದಳು.

ಇನ್ನೊಂದು ತೊಡಕೂ ಇದೆ. ಕೆಲವರು ಒಡಿ ಕೊಟ್ಟೆವು ಎನ್ನುತ್ತಾರೆ, ಆದರೆ ಹಾಜರಿ ಹಾಕುವುದಿಲ್ಲ. ಆ ತರಗತಿಯನ್ನೇ ಒಟ್ಟು ಲೆಕ್ಕದಿಂದ ತೆಗೆಯುತ್ತಾರೆ. ಆಗ 13ಕ್ಕೆ 11, ಶೇ 84.6. ಒಡಿ ಸಿಕ್ಕೂ ಶಾರ್ಟೇಜ್! ಒಂದೇ ಕಾಲೇಜಿನ ಎರಡು ವಿಭಾಗಗಳಲ್ಲಿ ಎರಡು ಲೆಕ್ಕ ಇದ್ದರೆ ಹುಡುಗರು ಯಾರನ್ನು ಕೇಳಬೇಕು?

ಹೆಚ್‌ಒಡಿಗಳ ಅನುಮಾನವೂ ಸುಮ್ನೆ ಅಲ್ಲ. ದುಡ್ಡು ಕಟ್ಟಿದರೆ ಸಾಕು, ಓದದ ಪೇಪರ್‌ಗೂ ಸರ್ಟಿಫಿಕೇಟ್ ಕಳಿಸುವ ಸಮ್ಮೇಳನಗಳು ಇವೆ. ಅದಕ್ಕೇ ಸರ್ಟಿಫಿಕೇಟ್ ಒಂದನ್ನೇ ನಂಬಬೇಡಿ ಎನ್ನುತ್ತೇನೆ. ಎಷ್ಟೋ ಸಲ ಅದು ಇಮೇಲ್‌ನಲ್ಲಿ ತಡವಾಗಿ ಬರುತ್ತದೆ, ಬೇರೆ. ಕಾರ್ಯಕ್ರಮ ಪಟ್ಟಿಯಲ್ಲಿ ಪೇಪರ್ ಹೆಸರು, ಸೆಷನ್, ಹೊತ್ತು ಎಲ್ಲ ಇರುತ್ತದೆ. ಅದರ ಜೊತೆ ಬಸ್ಸಿನ ಟಿಕೆಟ್ ಇಟ್ಟು ನೋಡಿದರೆ ಹೋದದ್ದು, ಮಂಡಿಸಿದ್ದು, ಯಾವಾಗ ಹೊರಟದ್ದು ಎಲ್ಲ ಗೊತ್ತಾಗುತ್ತದೆ.

ಬೆಂಗಳೂರಿನ ಹುಡುಗರು ಮೈಸೂರಿಗೆ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು. ವಿಜಯಪುರದವರಿಗೆ ಆಗುತ್ತದೆಯೇ? ದೂರದ ಊರಾದರೆ ಪ್ರಯಾಣದಲ್ಲಿ ತಪ್ಪಿದ ತರಗತಿಗಳಿಗೂ ಒಡಿ ಕೊಡಬೇಕು, ಒಡಿಯನ್ನು ಹಾಜರಿ ಎಂದೇ ಎಣಿಸಬೇಕು. ತಪ್ಪಿದ ಪ್ರಯೋಗವನ್ನು ಬೇರೆ ಬ್ಯಾಚಿನ ಜೊತೆ ಮಾಡಿಸಿ ಲ್ಯಾಬ್ ಜರ್ನಲ್‌ಗೆ ಸಹಿ ಹಾಕಲಿ, ಅದರಲ್ಲಿ ರಿಯಾಯಿತಿ ಬೇಡ. ಪ್ರಾಂಶುಪಾಲರು ಈ ನಿಯಮವನ್ನು ಸೆಮಿಸ್ಟರ್ ಶುರುವಿನಲ್ಲೇ ನೋಟಿಸ್ ಬೋರ್ಡಿಗೆ ಹಾಕಿಸಲಿ.

– ಒಬ್ಬ ಉಪನ್ಯಾಸಕ, ವಿಜಯಪುರ