ಭಾನುವಾರದ ಚರ್ಚೆಗೆ: ಹೆಂಚರ್ಡ್ ಹೇಳಿದ ಸುಳ್ಳು

ಸದಸ್ಯರೇ, ಈ ವಾರ ಥಾಮಸ್ ಹಾರ್ಡಿಯವರ ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ (1886) ಕಾದಂಬರಿಯ 41ನೆಯ ಅಧ್ಯಾಯವನ್ನು ದಯವಿಟ್ಟು ಮತ್ತೊಮ್ಮೆ ಓದಿಕೊಂಡು ಬನ್ನಿ.

ಸಂತೆಯಲ್ಲಿ ಕುಡಿದು ಹೆಂಡತಿಯನ್ನು ಐದು ಗಿನಿಗೆ ಮಾರಿದ ಮೈಕೆಲ್ ಹೆಂಚರ್ಡ್, ಮರುದಿನವೇ 21 ವರ್ಷ ಹೆಂಡ ಮುಟ್ಟೆನೆಂದು ಆಣೆಯಿಟ್ಟು ಅದನ್ನು ಪಾಲಿಸುತ್ತಾನೆ. ದುಡುಕು ಮತ್ತು ಪ್ರಾಯಶ್ಚಿತ್ತ ಎರಡೂ ಅವನಲ್ಲಿ ಒಂದೇ ಆವೇಗದಿಂದ ಹುಟ್ಟುತ್ತವೆ. ನಡುವೆ ಯೋಚನೆಗೆ ಜಾಗವೇ ಇಲ್ಲ.

ಸಂಪತ್ತು, ಪದವಿ, ಸ್ನೇಹ ಎಲ್ಲ ಕಳೆದುಕೊಂಡವನಿಗೆ ಉಳಿದವಳು ಎಲಿಜಬೆತ್-ಜೇನ್ ಒಬ್ಬಳೇ, ಅವಳೂ ಸ್ವಂತ ಮಗಳಲ್ಲ. ಅವಳು ಒಳಕೋಣೆಯಲ್ಲಿ ಮಲಗಿರುವಾಗಲೇ ನಿಜವಾದ ತಂದೆ, ಅಂದು ಸಂತೆಯಲ್ಲಿ ಹೆಂಚರ್ಡನ ಹೆಂಡತಿಯನ್ನು ಕೊಂಡಿದ್ದ ನಾವಿಕ ನ್ಯೂಸನ್, ಬಾಗಿಲಿಗೆ ಬಂದು ಮಗಳೆಲ್ಲಿ ಎಂದು ಕೇಳಿದರೆ, ಹೆಂಚರ್ಡ್ ಅವಳು ಸತ್ತಳು ಎಂದುಬಿಡುತ್ತಾನೆ. ಇದು ಸಂಚಲ್ಲ, ಮಾತು ಬಾಯಿಂದ ಜಾರಿದ ಮೇಲೆ ಅವನೇ ಬೆಚ್ಚುತ್ತಾನೆ. ನ್ಯೂಸನ್ ಪ್ರಶ್ನಿಸದೆ ನಂಬಿ ಹೊರಟುಹೋಗುವುದು ಮಾತ್ರ ಆಕಸ್ಮಿಕವೆಂದು ನನಗನ್ನಿಸುತ್ತದೆ, ಹಾರ್ಡಿ ಇಲ್ಲಿ ಸ್ವಲ್ಪ ಕೈಹಾಕಿದ್ದಾರೆ. ಆದರೆ ಸುಳ್ಳು ಹೆಂಚರ್ಡನದೇ: ಹಿಂದೆ ಹೆಂಡತಿಯನ್ನು ಸುಲಭವಾಗಿ ಬಿಟ್ಟುಕೊಟ್ಟವನು, ಅದೇ ನಾವಿಕನಿಗೆ ಈಗ ಮಗಳನ್ನು ಬಿಟ್ಟುಕೊಡಲಾರ.

ಕೊನೆಯ ಉಯಿಲಿನಲ್ಲಿ ತನ್ನನ್ನು ಯಾರೂ ನೆನೆಯಬಾರದೆಂದು ಬರೆದದ್ದು ಪಶ್ಚಾತ್ತಾಪವೋ, ಹಳೆಯ ಹಠವೋ ಎಂಬುದರಿಂದ ಚರ್ಚೆ ಆರಂಭಿಸೋಣ.